ಕಡಕ್ ರೊಟ್ಟಿ ತಡವಾಗಿದ್ದಕ್ಕೆ ಕ್ಷಮಿಸಿ: ನಿಮ್ಮ ಆರ್ಡರ್, ನಿಮ್ಮ ದುಡ್ಡು ಏನಾಗುತ್ತದೆ?

ಸೆಪ್ಟೆಂಬರ್ 8ರಿಂದ 24ರೊಳಗೆ ನಮ್ಮಲ್ಲಿ ಕಡಕ್ ರೊಟ್ಟಿ ಆರ್ಡರ್ ಮಾಡಿ, ದುಡ್ಡು ಕಟ್ಟಿ, ಇನ್ನೂ ದಾರಿ ಕಾಯುತ್ತಿರುವ ಎಲ್ಲರಿಗೂ ಈ ಮಾತು. ಐದು ದಿನದಲ್ಲಿ ಮನೆಗೆ ಮುಟ್ಟಿಸುತ್ತೇವೆ ಎಂದಿದ್ದೆವು. ಮುಟ್ಟಿಸಲಿಲ್ಲ. ಎಷ್ಟೋ ಜನರ ಮೆಸೇಜಿಗೆ ಉತ್ತರವನ್ನೂ ಕೊಡಲಿಲ್ಲ. ಎರಡಕ್ಕೂ ಕ್ಷಮೆ ಕೇಳುತ್ತೇವೆ.

ಯಾಕೆ ಹೀಗಾಯಿತು ಅನ್ನುವುದನ್ನು ಮುಂದೆ ಬರೆದಿದ್ದೇವೆ. ನಿಮಗೆ ಮೊದಲು ಬೇಕಾಗಿರುವುದು ದುಡ್ಡಿನ ವಿಷಯ. ಅದನ್ನೇ ಮೊದಲು ಹೇಳುತ್ತೇವೆ.

ನಿಮ್ಮ ಮುಂದೆ ಎರಡು ದಾರಿ ಇವೆ. ದುಡ್ಡು ವಾಪಸ್ ಬೇಕೆಂದರೆ ಪೂರ್ತಿ ವಾಪಸ್ ಕೊಡುತ್ತೇವೆ, ಕೊರಿಯರ್ ಖರ್ಚನ್ನೂ ಸೇರಿಸಿ. 25 ರೊಟ್ಟಿಯ ನಾಲ್ಕು ಕಟ್ಟಿಗೆ 800 ರೂಪಾಯಿ, ಕೊರಿಯರಿಗೆ 120 ಕೊಟ್ಟಿದ್ದರೆ, ನಿಮಗೆ 920 ರೂಪಾಯಿ ಬರುತ್ತದೆ. ಯಾವ ನಂಬರಿನಿಂದ ಕಳಿಸಿದ್ದಿರೋ ಅದೇ ಯುಪಿಐಗೆ, ನೀವು ಹೇಳಿದ ಮೂರು ದಿನದೊಳಗೆ ಹಾಕುತ್ತೇವೆ. ಕಾರಣ ಕೇಳುವುದಿಲ್ಲ.

ಇಲ್ಲ, ರೊಟ್ಟಿಯೇ ಬೇಕು ಅನ್ನುವವರಿಗೆ ಹೊಸದಾಗಿ ಬಡಿದ ರೊಟ್ಟಿಯನ್ನು ಅಕ್ಟೋಬರ್ 6ರಿಂದ 10ರೊಳಗೆ ಕಳಿಸುತ್ತೇವೆ. ಮೊದಲು ಆರ್ಡರ್ ಮಾಡಿದವರಿಗೆ ಮೊದಲು. ನೀವು ಕಟ್ಟಿದ ಕೊರಿಯರ್ ಖರ್ಚು ಆಗಲೂ ವಾಪಸ್ ಬರುತ್ತದೆ. ಜೊತೆಗೆ ಕಾಲು ಕಿಲೋ ಶೇಂಗಾ ಚಟ್ನಿ ನಮ್ಮ ಕಡೆಯಿಂದ. ಶೇಂಗಾ ಒಗ್ಗದವರು ಅಗಸಿ ಚಟ್ನಿ ಅಥವಾ ಗುರೆಳ್ಳು ಚಟ್ನಿ ಕೇಳಬಹುದು. ಅಕ್ಟೋಬರ್ 10ರ ಒಳಗೆ ಇಲ್ಲಿಂದ ಹೊರಡದಿದ್ದರೆ, ನೀವು ಕೇಳುವ ತನಕ ಕಾಯದೆ 11ನೇ ತಾರೀಖು ಪೂರ್ತಿ ದುಡ್ಡು ಹಾಕುತ್ತೇವೆ. ಚಟ್ನಿ ಆಗಲೂ ಬರುತ್ತದೆ.

ಆರ್ಡರ್ ಮಾಡಿದ ಅದೇ ವಾಟ್ಸಾಪ್ ನಂಬರಿಗೆ ಅಕ್ಟೋಬರ್ 4ರ ರಾತ್ರಿಯೊಳಗೆ "ದುಡ್ಡು" ಅಥವಾ "ರೊಟ್ಟಿ" ಎಂದು ಬರೆದು ಕಳಿಸಿ, ಸಾಕು. ಏನೂ ಬರೆಯದಿದ್ದರೆ? ದುಡ್ಡು ವಾಪಸ್ ಬೇಕು ಅಂತಲೇ ತಿಳಿದುಕೊಳ್ಳುತ್ತೇವೆ. ಸುಮ್ಮನಿದ್ದವರ ದುಡ್ಡು ನಮ್ಮ ಹತ್ತಿರ ಉಳಿಯಬಾರದು.

ಈಗ ಕಾರಣ.

ವಿಜಯಪುರ ಅಂದರೆ ಬಿಸಿಲು, ಬರ ಎಂದೇ ಹೊರಗಿನವರ ಲೆಕ್ಕ. ಇಲ್ಲಿಯವರಿಗೆ ಗೊತ್ತಿರುವಂತೆ ನಮ್ಮ ಕಡೆ ಜೋರು ಮಳೆ ಬರುವುದೇ ಸೆಪ್ಟೆಂಬರಿನಲ್ಲಿ. ಈ ಸಲ 10ನೇ ತಾರೀಖಿನ ಸುಮಾರಿಗೆ ಹಿಡಿದ ಜಿಟಿಜಿಟಿ ಮಳೆ ಬಿಡಲೇ ಇಲ್ಲ. ಒಂದು ಜೋರು ಮಳೆ ಬಂದು ಹೋದರೆ ನಮಗೆ ತೊಂದರೆ ಇಲ್ಲ. ದಿನವಿಡೀ ಥಂಡಿ, ತೇವ ಹಿಡಿದುಕೊಂಡರೆ ಕಡಕ್ ರೊಟ್ಟಿಯ ಕೆಲಸ ನಿಂತ ಹಾಗೆಯೇ.

ಅದು ಯಾಕೆ ಅಂತ ರೊಟ್ಟಿ ಬಡಿಯುವ ಮನೆಯವರಿಗೆ ಹೇಳಬೇಕಿಲ್ಲ. ಬೆಂಗಳೂರು, ಪುಣೆ ಕಡೆಯಿಂದ ಆರ್ಡರ್ ಮಾಡುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಗೋಧಿ ಹಿಟ್ಟಿನಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಹಾಗಾಗಿ ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಹಿಟ್ಟು ಹಳತಾದರೆ ಆ ಜಿಗಿಯೂ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ. ಅದಕ್ಕೇ ನಾವು ಹತ್ತಿಪ್ಪತ್ತು ದಿನಕ್ಕೆ ಆಗುವಷ್ಟು ಹಿಟ್ಟು ಒಮ್ಮೆಲೇ ಬೀಸಿ ಇಡುವುದಿಲ್ಲ. ಎರಡು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಕೊಡುತ್ತೇವೆ.

ಹಂಚಿನ ಮೇಲೆ ರೊಟ್ಟಿ ಉಬ್ಬಿದರೆ ಅದು ಮೆತ್ತನ ರೊಟ್ಟಿ ಅಷ್ಟೆ. ಅದನ್ನು ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಿ, ಬಟ್ಟೆಯಿಂದ ಒತ್ತಿ ಒತ್ತಿ ಒಳಗಿನ ನೀರೆಲ್ಲ ಹೋಗುವ ಹಾಗೆ ಮಾಡಬೇಕು. ಆಮೇಲೆ ಒಲೆಯ ಬದಿಗೆ ಆನಿಸಿ ಇಡಬೇಕು. ನಂತರ ಗಾಳಿಗೆ ಹರವಿ ಪೂರ್ತಿ ಆರಿಸಬೇಕು. ಬಿಸಿ ಇರುವಾಗಲೇ ಕಟ್ಟು ಕಟ್ಟಿದರೆ ಪ್ಲಾಸ್ಟಿಕ್ ಒಳಗೆ ಬೆವರುತ್ತದೆ. ಮಳೆಗಾಲದಲ್ಲಿ ಗಡಿಬಿಡಿ ಮಾಡಿದರೆ ಇನ್ನೂ ಕೆಟ್ಟದ್ದಾಗುತ್ತದೆ. ಗಾಳಿಯಲ್ಲೇ ತೇವ ಇದ್ದರೆ, ಒಣಗಲಿ ಅಂತ ಹರವಿದ ರೊಟ್ಟಿ ಒಣಗುವುದನ್ನು ಬಿಟ್ಟು ಆ ತೇವವನ್ನೇ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಟಕ್ ಅಂತ ಮುರಿಯುತ್ತಿದ್ದ ರೊಟ್ಟಿ ಸಂಜೆಗೆ ಹಪ್ಪಳದ ಹಸಿ ಹಾಳೆಯಂತೆ ಬಾಗುತ್ತಿತ್ತು.

ಅಂಥ ರೊಟ್ಟಿಯನ್ನೇ ಕಳಿಸಬಹುದಿತ್ತು, ತಾರೀಖಿಗೆ ಸರಿಯಾಗಿ ಮುಟ್ಟುತ್ತಿತ್ತು. ಆದರೆ ನಾಲ್ಕೈದು ದಿನ ಪೊಟ್ಟಣದೊಳಗೆ ಇದ್ದರೆ ಬೂಸ್ಟು ಹಿಡಿಯುತ್ತದೆ. ತಿನ್ನುವ ವಸ್ತು ಅಲ್ವಾ? ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಅಂತ ಎಷ್ಟೋ ತಾಯಂದಿರು ನಮ್ಮಿಂದ ತರಿಸುತ್ತಾರೆ. ಹಾಗಾಗಿ 13ರಿಂದ ಹೊರ ಊರಿಗೆ ಕಳಿಸುವುದನ್ನು ನಿಲ್ಲಿಸಿದೆವು. ಆ ತೀರ್ಮಾನ ಸರಿಯೇ ಇತ್ತು ಎಂದು ಈಗಲೂ ಅನ್ನಿಸುತ್ತದೆ. ಅದನ್ನು ಅವತ್ತೇ ನಿಮಗೆ ತಿಳಿಸಬೇಕಿತ್ತು. ನಾಳೆ ಬಿಸಿಲು ಬೀಳುತ್ತದೆ, ನಾಡಿದ್ದು ಬೀಳುತ್ತದೆ ಎಂದುಕೊಂಡು ಆರ್ಡರ್ ತೆಗೆದುಕೊಳ್ಳುತ್ತಲೇ ಹೋದೆವು. ಮಳೆ ನಮ್ಮ ಕೈಯಲ್ಲಿ ಇರಲಿಲ್ಲ, ಆರ್ಡರ್ ನಿಲ್ಲಿಸುವುದು ನಮ್ಮ ಕೈಯಲ್ಲೇ ಇತ್ತು.

ಇದರ ಮೇಲೆ ಡೋಣಿ ಹೊಳೆ ಬಂತು. ನಮಗೆ ರೊಟ್ಟಿ ಬಡಿದು ಕೊಡುವವರಲ್ಲಿ ಅರ್ಧದಷ್ಟು ಅಕ್ಕಂದಿರು ತಾಳಿಕೋಟೆ ಕಡೆಯ ಹಳ್ಳಿಯವರು. ಡೋಣಿ ಹುಟ್ಟುವುದು ಮಹಾರಾಷ್ಟ್ರದ ಜತ್ ತಾಲ್ಲೂಕಿನಲ್ಲಿ. ಅಲ್ಲಿ ಮಳೆಯಾದರೂ ಸಾಕು, ಇಲ್ಲಿ ನೀರು ಏರುತ್ತದೆ. ಹೊಳೆಯಲ್ಲಿ ಹೂಳು ತುಂಬಿರುವುದರಿಂದ ನೀರು ದಂಡೆ ಬಿಟ್ಟು ಹೊಲಕ್ಕೆ ನುಗ್ಗುತ್ತದೆ. ತಾಳಿಕೋಟೆ ಬಳಿಯ ಕೆಳಸೇತುವೆ ಮುಳುಗಿದಾಗ ಜೋಳ ಅತ್ತ ಹೋಗಲಿಲ್ಲ, ರೊಟ್ಟಿ ಇತ್ತ ಬರಲಿಲ್ಲ. ಸುತ್ತು ಹಾಕಿ ಗಾಡಿ ಕಳಿಸಿದರೂ ಆ ಹಳ್ಳಿಗಳಲ್ಲಿ ಕಟ್ಟಿಗೆ, ಕುಳ್ಳು ಎಲ್ಲ ತೊಯ್ದಿದ್ದವು. ಒಲೆ ಹೊತ್ತುವುದೇ ಕಷ್ಟವಾಗಿತ್ತು.

13ಕ್ಕಿಂತ ಮೊದಲು ಹೊರಟ ಕೆಲವು ಪಾರ್ಸೆಲ್‌ಗಳೂ ದಾರಿಯಲ್ಲಿ ಒಂದು ಗೋದಾಮಿನಲ್ಲಿ ನಿಂತುಬಿಟ್ಟವು. ಯಾವ ಕಂಪನಿ ಅಂತ ಬರೆದು ಜಗಳ ತೆಗೆಯುವ ಮನಸ್ಸಿಲ್ಲ. ನೀವು ದುಡ್ಡು ಕೊಟ್ಟಿದ್ದು ನಮಗೆ, ಉತ್ತರ ಹೇಳಬೇಕಾದವರೂ ನಾವೇ. ಆ ಪಾರ್ಸೆಲ್ ನಿಮಗೆ ಮುಟ್ಟಿದ್ದು ರೊಟ್ಟಿ ಮೆತ್ತಗಾಗಿದ್ದರೆ ಒಂದು ಮೆಸೇಜ್ ಹಾಕಿ. ಫೋಟೋ ಬೇಡ, ಎಷ್ಟು ಕಟ್ಟು ಕೆಟ್ಟಿವೆ ಅಂತ ಹೇಳಿದರೆ ಸಾಕು, ಅಷ್ಟಕ್ಕೆ ದುಡ್ಡು ವಾಪಸ್ ಕೊಡುತ್ತೇವೆ. ಹಸಿರು, ಕಪ್ಪು ಅಥವಾ ಬಿಳಿ ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ ಇಡೀ ಕಟ್ಟು ಎಸೆದುಬಿಡಿ. ಚುಕ್ಕೆ ಇರುವ ಭಾಗ ಮುರಿದು ತೆಗೆದು ಉಳಿದದ್ದನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ. ಚುಕ್ಕೆ, ವಾಸನೆ ಏನೂ ಇಲ್ಲದೆ ಸುಮ್ನೆ ಮೆತ್ತಗಾಗಿದ್ದರೆ ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಎರಡೂ ಕಡೆ ಒತ್ತಿ ಕಾಯಿಸಿ, ಮತ್ತೆ ಕಡಕ್ ಆಗುತ್ತದೆ. ಹಾಗೆ ಮಾಡಿ ತಿಂದರೂ ದುಡ್ಡು ಕೇಳಬಹುದು.

ಕಾರ್ಯಕ್ರಮಕ್ಕೆ ಅಂತ ದೊಡ್ಡ ಆರ್ಡರ್ ಕೊಟ್ಟು, ನಮ್ಮಿಂದ ಬರದೆ ಕೊನೆ ಗಳಿಗೆಯಲ್ಲಿ ಬೇರೆ ಕಡೆ ಜಾಸ್ತಿ ರೇಟ್ ಕೊಟ್ಟು ತಂದವರೂ ಇದ್ದೀರಿ. ನಿಮಗೆ ನಿಮ್ಮ ದುಡ್ಡಷ್ಟೇ ವಾಪಸ್ ಕೊಟ್ಟರೆ ಸಾಲದು. ನಮ್ಮ ರೇಟಿಗಿಂತ ಎಷ್ಟು ಹೆಚ್ಚು ಕೊಟ್ಟಿರೋ ಆ ವ್ಯತ್ಯಾಸವನ್ನೂ ನಾವು ತುಂಬಿಕೊಡುತ್ತೇವೆ. ಬಿಲ್ ಇಲ್ಲದಿದ್ದರೆ ಬಾಯಿಮಾತಿನಲ್ಲಿ ಹೇಳಿದರೂ ಆಯಿತು. ಇದಕ್ಕೆ ಮೆಸೇಜ್ ಬೇಡ, ನಾವೇ ಫೋನ್ ಮಾಡುತ್ತೇವೆ.

ವಿಜಯಪುರ ಊರೊಳಗಿನ ಮನೆಗಳಿಗೆ ಬಾಕಿ ಇರುವ ರೊಟ್ಟಿ ಅಕ್ಟೋಬರ್ 3ರ ಸಂಜೆಯೊಳಗೆ ಬರುತ್ತದೆ. ಬೇಡವಾಗಿದ್ದರೆ ಬಾಗಿಲಲ್ಲೇ ಹೇಳಿ, ಹುಡುಗ ಅಲ್ಲೇ ನಗದು ಎಣಿಸಿ ಕೊಡುತ್ತಾನೆ. ಬರೀ ಚಟ್ನಿಪುಡಿ ಆರ್ಡರ್ ಮಾಡಿದವರದ್ದೆಲ್ಲ ಈಗಾಗಲೇ ಹೊರಟಿದೆ.

ಒಂದು ಮಾತು ನಡುವೆ. ಈ ನಷ್ಟವನ್ನು ರೊಟ್ಟಿ ಬಡಿಯುವವರ ಕೂಲಿಯಲ್ಲಿ ಹಿಡಿಯುತ್ತೀರಾ ಎಂದು ಇಬ್ಬರು ಗ್ರಾಹಕರು ಕಾಳಜಿಯಿಂದ ಕೇಳಿದ್ದರು. ಇಲ್ಲ. ಮೆತ್ತಗಾಗಿ ತೆಗೆದಿಟ್ಟ ರೊಟ್ಟಿಗೂ ಲೆಕ್ಕದ ಪ್ರಕಾರ ಕೂಲಿ ಕೊಟ್ಟಿದ್ದೇವೆ. ಬೈಯುವುದಿದ್ದರೆ ನಮಗೆ ಬೈಯಿರಿ. ಫೋನ್ ಎತ್ತುವ ಹುಡುಗಿಗೆ ಬೇಡ. ಅವಳಿಗೆ ಗೊತ್ತಿದ್ದದ್ದು ನಾವು ಹೇಳಿದಷ್ಟೇ, ನಾವು ಹೇಳಿದ್ದೇ ಕಡಿಮೆ.

ಮುಂದೆ ಏನು ಬದಲಾಗುತ್ತದೆ? ಯಂತ್ರದಲ್ಲಿ ಒಣಗಿಸಬಾರದಾ ಎಂದು ಹಲವರು ಕೇಳಿದಿರಿ. ಡ್ರೈಯರ್ ಇರುವ ಕಡೆ ಹೋಗಿ ನೋಡಿ ಬಂದೆವು. ಬಿಸಿ ಜಾಸ್ತಿ ಆದರೆ ರೊಟ್ಟಿ ಗಾಜಿನಂತೆ ಚೂರಾಗುತ್ತದೆ, ಪಾರ್ಸೆಲಿನಲ್ಲಿ ಪುಡಿಯೇ ಮುಟ್ಟುತ್ತದೆ. ಕಡಿಮೆ ಬಿಸಿಯಲ್ಲಿ ಹದ ಸಿಗುವ ತನಕ ನಿಮ್ಮ ಮೇಲೆ ಪ್ರಯೋಗ ಮಾಡುವುದಿಲ್ಲ. ಸದ್ಯಕ್ಕೆ ಒಲೆಮನೆಯ ಪಕ್ಕದ ಕೋಣೆಗೆ ಕಟ್ಟಿಗೆಯ ಅಡ್ಡಹಲಗೆ ಹಾಕಿಸಿದ್ದೇವೆ. ಒಲೆಯ ಕಾವು ಅಲ್ಲಿಗೆ ಹೋಗುತ್ತದೆ, ಫ್ಯಾನ್ ಇದೆ, ಹೊರಗಿನ ಗಾಳಿ ಬರುವುದಿಲ್ಲ. ಮಳೆ ಇದ್ದಾಗಲೂ ಅಲ್ಲಿ ರೊಟ್ಟಿ ಆರುತ್ತಿದೆ, ಆದರೆ ಜಾಗ ಚಿಕ್ಕದು. ದಿನಕ್ಕೆ 600 ರೊಟ್ಟಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಹಾಗಾಗಿ ಇನ್ನು ಮೇಲೆ ಮಳೆಗಾಲದಲ್ಲಿ ದಿನಕ್ಕೆ 600 ರೊಟ್ಟಿಯ ಆರ್ಡರ್ ಆದ ಕೂಡಲೇ ಬಾಗಿಲು ಮುಚ್ಚುತ್ತೇವೆ, ಪರಿಚಯದವರು ಕೇಳಿದರೂ ಅಷ್ಟೆ. "ಐದು ದಿನದಲ್ಲಿ" ಎಂಬ ಮಾತನ್ನೂ ತೆಗೆದಿದ್ದೇವೆ. ರೊಟ್ಟಿ ಒಣಗಿ ಕಟ್ಟು ಕಟ್ಟಿದ ಮೇಲೆ ಹೊರಡುವ ತಾರೀಖನ್ನು ನಿಮಗೆ ಕಳಿಸುತ್ತೇವೆ, ದುಡ್ಡು ಆಗ ಕಟ್ಟಿದರೆ ಸಾಕು. ಏನಾದರೂ ಅಡ್ಡಿ ಬಂದರೆ ಅವತ್ತೇ ಸಂಜೆ ಏಳರೊಳಗೆ ತಿಳಿಸುತ್ತೇವೆ. ತಿಳಿಸದೆ ತಡ ಮಾಡಿದರೆ ಕೊರಿಯರ್ ಖರ್ಚು ನಮ್ಮದು.

ಬಾಕಿ ಆರ್ಡರುಗಳೆಲ್ಲ ಮುಗಿಯುವ ತನಕ, ಅಂದರೆ ಅಕ್ಟೋಬರ್ 10ರವರೆಗೆ, ಹೊರ ಊರಿನ ಹೊಸ ಆರ್ಡರ್ ತೆಗೆದುಕೊಳ್ಳುತ್ತಿಲ್ಲ. ಫೋನ್ ಬೆಳಿಗ್ಗೆ 9ರಿಂದ ರಾತ್ರಿ 8ರವರೆಗೆ ಇರುತ್ತದೆ, ಈಗ ಇಬ್ಬರು ಕೂತಿದ್ದಾರೆ. ಎತ್ತದಿದ್ದರೆ ಒಂದು ಗಂಟೆಯೊಳಗೆ ತಿರುಗಿ ಮಾಡುತ್ತೇವೆ. ಬೇರೆ ಹೆಸರಿನ ನಂಬರಿನಿಂದ ದುಡ್ಡು ಕಟ್ಟಿದ್ದರೆ ಮೆಸೇಜಿನಲ್ಲಿ ಆ ಹೆಸರನ್ನೂ ಬರೆಯಿರಿ. ಯುಪಿಐ ಪಿನ್, ಒಟಿಪಿ ಯಾರು ಕೇಳಿದರೂ ಕೊಡಬೇಡಿ, ದುಡ್ಡು ವಾಪಸ್ ಹಾಕಲು ನಮಗೆ ಅವು ಬೇಕಾಗುವುದಿಲ್ಲ.

ರೊಟ್ಟಿ ಕೇಂದ್ರದ ಪರವಾಗಿ
ವಿಜಯಪುರ, ಸೆಪ್ಟೆಂಬರ್ 30