ವಿಷಯ: ಜೂನ್ 11, 12ರ ಲಾಡ್ಜ್ ಖರ್ಚು – ಬಿಲ್ ಕೈಸೇರಿಲ್ಲ, ಬದಲಿ ದಾಖಲೆ ಕಳಿಸಿದ್ದೇನೆ

ನಮಸ್ಕಾರ ಮೇಡಂ,

ಜೂನ್ ತಿಂಗಳ ಟೂರ್ ಕ್ಲೇಮ್ ಈಗಷ್ಟೇ ಹಾಕಿದ್ದೇನೆ. ಓಡಾಟದ ಖರ್ಚಿಗೆಲ್ಲ ಬಿಲ್ ಇದೆ. ಇಲ್ಲದಿರುವುದು ಒಂದಕ್ಕೆ ಮಾತ್ರ. ಜೂನ್ 11 ಮತ್ತು 12ರ ರಾತ್ರಿ ಉಳಿದುಕೊಂಡ ಲಾಡ್ಜ್‌ನ ಬಾಡಿಗೆ, 4,860 ರೂಪಾಯಿ.

13ರ ಬೆಳಿಗ್ಗೆ ರೂಮ್ ಖಾಲಿ ಮಾಡುವಾಗ ಅವರ ಬಿಲ್ಲಿಂಗ್ ಸಿಸ್ಟಂ ಕೆಟ್ಟಿತ್ತು. ಕಾರ್ಡ್ ಮೆಷಿನ್ ಬೇರೆಯದು, ಹಾಗಾಗಿ ದುಡ್ಡು ಹೋಯಿತು, ಬಿಲ್ ಬರಲಿಲ್ಲ. ಕೈಯಲ್ಲಾದರೂ ಬರೆದುಕೊಡಿ ಎಂದು ಕೇಳಿದೆ, ಬಿಲ್ ನಂಬರ್ ಸಿಸ್ಟಂನಿಂದಲೇ ಬರಬೇಕು, ಸಂಜೆಯೊಳಗೆ ಮೇಲ್ ಮಾಡುತ್ತೇವೆ ಎಂದರು. ಇವತ್ತಿನವರೆಗೂ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ ಮ್ಯಾನೇಜರ್ ಇಲ್ಲ ಎನ್ನುತ್ತಾರೆ. ಮೇಲ್‌ನಲ್ಲೂ ಕೇಳಿದ್ದೇನೆ, ಅದರ ಪ್ರತಿಯನ್ನೂ ಸೇರಿಸಿದ್ದೇನೆ.

ಈಗ ನನ್ನ ಹತ್ತಿರ ಇರುವ ದಾಖಲೆಗಳ ವಿಷಯ. ಕಾರ್ಡ್ ಸ್ಲಿಪ್‌ನ ಫೋಟೋ ಇದೆ. ಆ ಕಾಗದದ ಅಕ್ಷರ ಬಿಸಿಲಿಗೆ, ಶಾಖಕ್ಕೆ ಬೇಗ ಮಾಸಿಹೋಗುತ್ತದೆ ಅಲ್ವಾ, ಅದಕ್ಕೇ ಅವತ್ತೇ ತೆಗೆದಿಟ್ಟಿದ್ದೆ. ಅದರಲ್ಲಿ ಲಾಡ್ಜ್ ಹೆಸರು, ತಾರೀಖು, ಮೊತ್ತ, ಅಪ್ರೂವಲ್ ಕೋಡ್, ಕಾರ್ಡ್‌ನ ಕೊನೆಯ 4 ಅಂಕಿ ಎಲ್ಲ ಓದಲು ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಅದೇ ಮೊತ್ತ ಇದೆ. ಅದರಲ್ಲಿನ ನನ್ನ ಸ್ವಂತ ಖರ್ಚಿನ ಸಾಲುಗಳನ್ನಷ್ಟೇ ಮುಚ್ಚಿದ್ದೇನೆ, ಪೂರ್ತಿ ಪುಟ ಬೇಕೆಂದರೆ ನಿಮ್ಮ ಟೇಬಲ್‌ಗೇ ಬಂದು ತೋರಿಸುತ್ತೇನೆ.

ಇವೆರಡರಿಂದ ದುಡ್ಡು ಕೊಟ್ಟಿದ್ದು ಗೊತ್ತಾಗುತ್ತದೆಯೇ ಹೊರತು ಯಾತಕ್ಕೆ ಕೊಟ್ಟಿದ್ದು ಎಂದು ಗೊತ್ತಾಗುವುದಿಲ್ಲ. ಆಡಿಟ್‌ನವರು ಕೇಳುವುದೂ ಅದನ್ನೇ. ಅದಕ್ಕಾಗಿ ರೂಮ್ ಬುಕಿಂಗ್ ಖಾತ್ರಿಯಾದ ಮೇಲ್ ಲಗತ್ತಿಸಿದ್ದೇನೆ, ಅದರಲ್ಲಿ ನನ್ನ ಹೆಸರು, ಎರಡು ರಾತ್ರಿ, ಒಂದು ರಾತ್ರಿಯ ಬಾಡಿಗೆ, ತೆರಿಗೆ ಎಲ್ಲ ಬಿಡಿಬಿಡಿಯಾಗಿ ಇದೆ, ಕೂಡಿದರೆ ಕಾರ್ಡ್‌ನಲ್ಲಿ ಹೋದ ಮೊತ್ತವೇ ಬರುತ್ತದೆ. ಆ ದಿನಗಳಲ್ಲಿ ಗ್ರಾಹಕರು ಸಹಿ ಮಾಡಿದ ಸರ್ವಿಸ್ ರಿಪೋರ್ಟ್ ಕೂಡ ಜೊತೆಗಿದೆ. ಈ ಖರ್ಚನ್ನು ಬೇರೆಲ್ಲೂ ಕ್ಲೇಮ್ ಮಾಡಿಲ್ಲ, ಮುಂದೆ ಬಿಲ್ ಬಂದರೂ ಮತ್ತೆ ಮಾಡುವುದಿಲ್ಲ ಎಂದು ಸಹಿ ಹಾಕಿದ ಹೇಳಿಕೆಯನ್ನೂ ಇಟ್ಟಿದ್ದೇನೆ.

ಒಂದು ಮಾತು. ಬುಕಿಂಗ್ ಮಾಡುವಾಗಲೇ ಕಂಪನಿಯ ಜಿಎಸ್‌ಟಿ ನಂಬರ್ ಕೊಟ್ಟಿದ್ದೆ. ಆದರೆ ತೆರಿಗೆ ಕ್ರೆಡಿಟ್ ಪಡೆಯಲು ಅಸಲಿ ಬಿಲ್ಲೇ ಬೇಕು, ಮೇಲಿನ ಯಾವ ದಾಖಲೆಯೂ ಅದಕ್ಕೆ ಸಾಲದು. ಅದರಿಂದ ಕಂಪನಿಗೆ ನಷ್ಟ ಆಗಬಾರದು, ಹಾಗಾಗಿ ಬಿಲ್ ಸಿಗುವವರೆಗೂ ಲಾಡ್ಜ್‌ನವರನ್ನು ಕೇಳುತ್ತಲೇ ಇರುತ್ತೇನೆ. ಅಕೌಂಟ್ಸ್ ಕಡೆಯಿಂದ ನೀವೂ ಒಂದು ಮೇಲ್ ಹಾಕಿದರೆ ಬೇಗ ಕೊಡುತ್ತಾರೆ ಎಂದು ನನಗನಿಸುತ್ತದೆ, ಅವರ ವಿಳಾಸ ಬುಕಿಂಗ್ ಮೇಲ್‌ನಲ್ಲೇ ಇದೆ.

ಈ ತಿಂಗಳ ಕ್ಲೇಮ್ ಮುಚ್ಚುವ ಮೊದಲು ಇದನ್ನು ಪಾಸ್ ಮಾಡಲು ಆಗುತ್ತದಾ ತಿಳಿಸಿ. ಈ ಒಂದು ಸಾಲಿಗೆ ಮೇಲಿನವರ ಒಪ್ಪಿಗೆ ಬೇಕಿದ್ದರೆ ಅದನ್ನು ತಡೆಹಿಡಿದು ಉಳಿದದ್ದನ್ನು ಬಿಡುಗಡೆ ಮಾಡಿ. ನಮ್ಮ ಮ್ಯಾನೇಜರ್‌ಗೂ ಈ ಮೇಲ್ ಹಾಕಿದ್ದೇನೆ, ಟೂರ್‌ಗೆ ಒಪ್ಪಿಗೆ ಕೊಟ್ಟಿದ್ದು ಅವರೇ.

ವಂದನೆಗಳು,
ಮಂಜುನಾಥ
ಸರ್ವಿಸ್ ವಿಭಾಗ