ಸ್ನ್ಯಾಗ್ ಲಿಸ್ಟ್: ದಟ್ಟಗಳ್ಳಿ ಮನೆ, ಎರಡನೇ ತಪಾಸಣೆ

ಸ್ಥಳ: ಮೈಸೂರು, ದಟ್ಟಗಳ್ಳಿ, 30×40 ಸೈಟ್, ಕೆಳಗಿನ ಮನೆ ಮತ್ತು ಮೊದಲ ಮಹಡಿ
ತಪಾಸಣೆ: 2025 ಜುಲೈ 12, ಶನಿವಾರ. ನಾವು ಮನೆಯವರು ಮತ್ತು ಕಂಟ್ರಾಕ್ಟರ್ ಕಡೆಯ ಸೈಟ್ ಇಂಜಿನಿಯರ್ ಒಟ್ಟಿಗೆ ನೋಡಿದ್ದು.

ಮನೆ ಕೆಲಸದಲ್ಲಿ ಕಂಡ ದೋಷಗಳ ಪಟ್ಟಿ ಇದು. ಹೊಣೆ ಎಂದರೆ ಸರಿಮಾಡಿಸಬೇಕಾದವರು. ನಾವು ನೋಡಿ ಒಪ್ಪಿದ ಮೇಲೆ ಮಾತ್ರ "ಮುಗಿದಿದೆ" ಎಂದು ಬರೆದಿದ್ದೇವೆ.

ಮೇಲಿನ ಬಚ್ಚಲು ಮತ್ತು ಅದರ ಕೆಳಗಿನ ಹಾಲ್

1. ಹಾಲ್ ಸೀಲಿಂಗ್‌ನಲ್ಲಿ ತೇವದ ಕಲೆ. ಹಿಂದಿನ ಸಲ ಪೇಂಟರ್ ಪುಟ್ಟಿ ಹಾಕಿ ಬಣ್ಣ ಬಳಿದು ಹೋದರು. ಕಲೆ ಮತ್ತೆ ಎದ್ದಿದೆ, ಈ ಸಲ ಇನ್ನೂ ಅಗಲವಾಗಿ. ಪೈಪ್‌ಗಳ ಪ್ರೆಶರ್ ಟೆಸ್ಟ್‌ನಲ್ಲಿ ಮೀಟರ್ ಮುಳ್ಳು ಇಳಿಯಲಿಲ್ಲ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್ ಮುಚ್ಚಿ ಬಚ್ಚಲಲ್ಲಿ 24 ಗಂಟೆ ನೀರು ನಿಲ್ಲಿಸಿದಾಗ ಕಲೆ ಬೆಳೆಯಿತು. ಅಂದರೆ ನೀರು ಇಳಿಯುತ್ತಿರುವುದು ಪೈಪಿನಿಂದಲ್ಲ, ನೆಲದಿಂದ.
ಮಾಡಬೇಕಾದ್ದು: ಟ್ರ್ಯಾಪ್ ಸುತ್ತಿನ ಟೈಲ್ಸ್ ಮತ್ತು ಗೋಡೆ ಪಕ್ಕದ ಒಂದು ಸಾಲು ತೆಗೆಯಬೇಕು. ವಾಟರ್‌ಪ್ರೂಫಿಂಗ್ ಹೊಸದಾಗಿ ಹಾಕಿ, ಗೋಡೆಗೂ ಒಂದು ಅಡಿ ಏರಿಸಬೇಕು. ಟೈಲ್ಸ್ ಕೂರಿಸುವ ಮೊದಲೇ 48 ಗಂಟೆ ನೀರು ನಿಲ್ಲಿಸಿ ನಮಗೆ ತೋರಿಸಬೇಕು. ಸೀಲಿಂಗ್ ಪೂರ್ತಿ ಒಣಗುವವರೆಗೆ ಪೇಂಟರ್ ಬರುವುದು ಬೇಡ. ಮೇಲೆ ಬಣ್ಣ ಬಳಿದರೆ ಕಲೆ ಮುಚ್ಚುತ್ತದೆ, ಸೋರಿಕೆ ನಿಲ್ಲುವುದಿಲ್ಲ ಅಲ್ವಾ?
ಹೊಣೆ: ಕಂಟ್ರಾಕ್ಟರ್ (ವಾಟರ್‌ಪ್ರೂಫಿಂಗ್), ಆಮೇಲೆ ಟೈಲ್ಸ್ ಮೇಸ್ತ್ರಿ, ಕೊನೆಗೆ ಪೇಂಟರ್. ಸ್ಥಿತಿ: ಹಿಂದಿನ ರಿಪೇರಿ ಒಪ್ಪಿಲ್ಲ, ಮತ್ತೆ ಬಾಕಿ.

2. ಅದೇ ಬಚ್ಚಲಲ್ಲಿ ನೀರು ಬಾಗಿಲ ಕಡೆ ಓಡುತ್ತದೆ. ಹೇಗೂ ನೆಲ ಬಿಚ್ಚುತ್ತಾರೆ, ಇಳಿಜಾರನ್ನು ಟ್ರ್ಯಾಪ್ ಕಡೆಗೆ ಸರಿಮಾಡಲಿ.
ಹೊಣೆ: ಟೈಲ್ಸ್ ಮೇಸ್ತ್ರಿ. ಸ್ಥಿತಿ: ಬಾಕಿ, 1ರ ಜೊತೆಗೇ.

ಕೆಳಗಿನ ಬಚ್ಚಲು (ಅಮ್ಮ ಬಳಸುವುದು)

3. ಕಮೋಡ್ ಮುಂದೆ ನೀರು ನಿಲ್ಲುತ್ತದೆ. ಅಮ್ಮನಿಗೆ 74 ವರ್ಷ. ಜಾರಿ ಬಿದ್ದರೆ ಗತಿಯೇನು? ಇದನ್ನು ಸಣ್ಣ ಕೆಲಸ ಎಂದು ಮುಂದೂಡಬೇಡಿ. ಹಿಡಿಕೆಯ ಸ್ಕ್ರೂ ಕೂಡ ಸಡಿಲವಾಗಿದೆ. ಟೈಲ್ಸ್ ಹಿಂದೆ ಟೊಳ್ಳಿದ್ದರೆ ಹಿಡಿಕೆ ಭಾರ ತಡೆಯುವುದಿಲ್ಲ, ಗಟ್ಟಿ ಗೋಡೆಗೇ ಸಿಗಿಸಬೇಕು.
ಹೊಣೆ: ಟೈಲ್ಸ್ ಮೇಸ್ತ್ರಿ, ಪ್ಲಂಬರ್. ಸ್ಥಿತಿ: ತುರ್ತು, ಶುರುವಾಗಿಲ್ಲ.

4. ಗೀಸರ್ ಲೈನ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸಬೇಕಾದ 30 ಎಂಎ ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿದರೂ ಟ್ರಿಪ್ ಆಗುತ್ತಿಲ್ಲ. ಬದಲಿಸಿ, ಅರ್ತಿಂಗ್ ಅಳೆದು ತೋರಿಸಬೇಕು. ಅಲ್ಲಿಯವರೆಗೆ ಗೀಸರ್ ಸ್ವಿಚ್ ಹಾಕುವುದಿಲ್ಲ.
ಹೊಣೆ: ಎಲೆಕ್ಟ್ರಿಷಿಯನ್. ಸ್ಥಿತಿ: ತುರ್ತು, ಬಾಕಿ.

ಅಡುಗೆಮನೆ, ಯುಟಿಲಿಟಿ

5. ಸಿಂಕ್ ಕೆಳಗೆ ವೇಸ್ಟ್ ಪೈಪ್ ಸೋರಿಕೆ. ಪ್ಲಂಬರ್ ವಾಷರ್ ಬದಲಿಸಿದರು. ಮುಗಿದಿದೆ.

6. ಗ್ರಾನೈಟ್ ಮತ್ತು ಗೋಡೆ ಟೈಲ್ಸ್ ನಡುವೆ ಸಂದು. ಇರುವೆ ಸಾಲು ಈಗಾಗಲೇ ಬಂದಿದೆ. ಹೊಣೆ: ಗ್ರಾನೈಟ್ ಕೆಲಸದವರು. ಸ್ಥಿತಿ: ಬಾಕಿ.

7. ಕೆಳಗಿನ ಕಪಾಟಿನ ಬಾಗಿಲು ಓರೆಯಾಗಿದೆ. ಕಪಾಟು ಮಾಡಿಸಿದ್ದು ನಾವೇ, ಕಂಟ್ರಾಕ್ಟರ್‌ಗೆ ಸಂಬಂಧವಿಲ್ಲ. ಹೊಣೆ: ನಾವು. ಸ್ಥಿತಿ: ಬಡಗಿ ಬರುತ್ತಾರೆ.

ಮಲಗುವ ಕೋಣೆಗಳು

8. ಮೇಲಿನ ಕೋಣೆಯಲ್ಲಿ ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ ನೇರ ಬಿರುಕು. ಕಾಂಕ್ರೀಟ್ ಮತ್ತು ಇಟ್ಟಿಗೆ ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲ. ಕೆದಕಿ ನೋಡಿದೆವು, ಒಳಗೆ ಪ್ಲಾಸ್ಟರ್ ಹಿಡಿದಿಡುವ ತಂತಿ ಬಲೆ, ಚಿಕನ್ ಮೆಶ್, ಇಲ್ಲ. ಸುಮ್ನೆ ಪುಟ್ಟಿ ತುಂಬಿದರೆ ಬಿರುಕು ಮತ್ತೆ ಬರುತ್ತದೆ. ಆ ಪಟ್ಟಿಯ ಪ್ಲಾಸ್ಟರ್ ತೆಗೆದು, ಮೆಶ್ ಹೊಡೆದು, ಮತ್ತೆ ಪ್ಲಾಸ್ಟರ್ ಮಾಡಿ, ಕ್ಯೂರಿಂಗ್ ಸರಿಯಾಗಿ ಕೊಡಲಿ.
ಹೊಣೆ: ಕಂಟ್ರಾಕ್ಟರ್. ಸ್ಥಿತಿ: ಇಂಜಿನಿಯರ್ ಒಪ್ಪಿದ್ದಾರೆ, ತಾರೀಕು ಕೊಟ್ಟಿಲ್ಲ.

9. ಕೆಳಗಿನ ಕೋಣೆ ಬಾಗಿಲು ಮಳೆಗೆ ಊದಿ ಉಜ್ಜುತ್ತಿದೆ. ಈಗಲೇ ಜಾಸ್ತಿ ಹೆರೆಯಬೇಡಿ, ಬೇಸಿಗೆಯಲ್ಲಿ ಸಂದು ಬೀಳುತ್ತದೆ. ಅಡಿಯ ಅಂಚಿಗೆ ಪಾಲಿಶ್ ಆಗಿಲ್ಲ, ಅಲ್ಲಿಂದಲೇ ನೀರು ಹೀರುತ್ತಿದೆ. ಒಣಗಿದ ಮೇಲೆ ಬಾಗಿಲು ಬಿಚ್ಚಿ ಪಾಲಿಶ್ ಹೊಡೆಯಲಿ. ಹೊಣೆ: ಕಂಟ್ರಾಕ್ಟರ್‌ನ ಬಡಗಿ. ಸ್ಥಿತಿ: ಮಳೆಗಾಲ ಮುಗಿಯುವವರೆಗೆ ಕಾಯುವುದು.

10. ಕಿಟಕಿಯ ಸೊಳ್ಳೆ ಪರದೆ ಹರಿದಿತ್ತು. ಬದಲಿಸಿದ್ದಾರೆ. ಮುಗಿದಿದೆ.

ಟೆರೇಸ್, ಹೊರಗಡೆ

11. ಮಳೆ ನಿಂತು ಒಂದು ದಿನವಾದರೂ ಈಶಾನ್ಯ ಮೂಲೆಯಲ್ಲಿ ನೀರು ಇತ್ತು. ಔಟ್‌ಲೆಟ್ ಕಡೆ ಇಳಿಜಾರು ಸಾಲದು. ಹೊಣೆ: ಕಂಟ್ರಾಕ್ಟರ್. ಸ್ಥಿತಿ: ಕೆಲಸ ಅರ್ಧ ಆಗಿದೆ, ಮುಂದಿನ ಮಳೆಯಲ್ಲಿ ನೋಡಬೇಕು.

12. ದಕ್ಷಿಣದ ಕಿಟಕಿಯ ಚಜ್ಜಾ ಕೆಳಗೆ ನೀರು ತಡೆಯುವ ಗೀರು ಬಿಟ್ಟಿಲ್ಲ. ನೀರು ಹಿಂದಕ್ಕೆ ಹರಿದು ಗೋಡೆಗೆ ಇಳಿಯುತ್ತಿದೆ. ಹೊಣೆ: ಗಾರೆ ಮೇಸ್ತ್ರಿ. ಸ್ಥಿತಿ: ಬಾಕಿ.

13. ಸಂಪ್ ಮುಚ್ಚಳ ಅಲ್ಲಾಡುತ್ತಿತ್ತು. ಮಕ್ಕಳು ಓಡಾಡುವ ಜಾಗ, ಅದೇ ದಿನ ಸರಿಮಾಡಿದ್ದಕ್ಕೆ ಧನ್ಯವಾದ. ಮುಗಿದಿದೆ.

ಕ್ರಮ ಮತ್ತು ಹಣ

3 ಮತ್ತು 4 ಮೊದಲು, ಜುಲೈ 19ರೊಳಗೆ. ಆಮೇಲೆ 1 ಮತ್ತು 2. ಹಿಡಿದಿಟ್ಟಿರುವ ₹1,50,000ರಲ್ಲಿ 1, 2, 3, 4 ಮುಗಿದ ದಿನ ₹75,000 ಕೊಡುತ್ತೇವೆ. ಉಳಿದದ್ದು 7 ಮತ್ತು 9 ಬಿಟ್ಟು ಮಿಕ್ಕೆಲ್ಲ ಮುಗಿದ ಮೇಲೆ. ಮುಂದಿನ ತಪಾಸಣೆ ಜುಲೈ 26, ಶನಿವಾರ ಬೆಳಿಗ್ಗೆ 10ಕ್ಕೆ. ಟೈಲ್ಸ್ ಮೇಸ್ತ್ರಿಯನ್ನೂ ಕರೆದುಕೊಂಡು ಬನ್ನಿ.