ಶಿವಮೊಗ್ಗ-ಸಾಗರ ಪ್ರವಾಸದ ಅಡ್ವಾನ್ಸ್ ಲೆಕ್ಕ ಮತ್ತು ಉಳಿದ ಹಣ ವಾಪಸ್

ಮೈಸೂರು, 8-12-2025

ಗಿರಿಜಾ ಮೇಡಂಗೆ,
ಅಕೌಂಟ್ಸ್ ವಿಭಾಗ, ಹೆಬ್ಬಾಳ ಕೈಗಾರಿಕಾ ಪ್ರದೇಶ

ನಮಸ್ಕಾರ ಮೇಡಂ,

ಡಿಸೆಂಬರ್ 1ರಂದು ವೋಚರ್ ನಂಬರ್ 214ರಲ್ಲಿ ನಿಮ್ಮಿಂದ 12,000 ರೂಪಾಯಿ ನಗದು ಅಡ್ವಾನ್ಸ್ ತಗೊಂಡಿದ್ದೆ. ಶಿವಮೊಗ್ಗ, ಸಾಗರದ ಕಡೆಯ ಹಾಲಿನ ಡೈರಿಗಳಿಗೆ ನಮ್ಮ ಟೆಸ್ಟಿಂಗ್ ಮೆಷಿನ್ ಹಾಕಿಕೊಟ್ಟು, ಅಲ್ಲಿನ ಕಾರ್ಯದರ್ಶಿಗಳಿಗೆ ಹೇಳಿಕೊಡುವ ಕೆಲಸಕ್ಕೆ. 2ನೇ ತಾರೀಕು ಬೆಳಿಗ್ಗೆ ಹೊರಟು 6ರ ಬೆಳಿಗ್ಗೆ ವಾಪಸ್ ಬಂದೆ. ಖರ್ಚು 7,960 ಆಗಿದೆ. ಉಳಿದ 4,040 ರೂಪಾಯಿ ಈ ಪತ್ರದ ಜೊತೆಗಿರುವ ಕವರಿನಲ್ಲಿದೆ, 500ರ ಎಂಟು ನೋಟು, 20ರ ಎರಡು. ದಯವಿಟ್ಟು ನನ್ನೆದುರಿಗೇ ಎಣಿಸಿಕೊಳ್ಳಿ.

ಮೊದಲು ಬಸ್ ಚಾರ್ಜಿನ ವಿಷಯ. ಹೋಗುವಾಗಿನ ಟಿಕೆಟ್ ಎದುರು ಸೊನ್ನೆ ಬರೆದಿದ್ದೇನೆ, ಅದನ್ನು ಮರೆತು ಬಿಟ್ಟಿದ್ದಲ್ಲ. ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ತೋರಿಸಿದೆ, ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟರು. ಅದನ್ನೂ ಇಟ್ಟಿದ್ದೇನೆ, ಹೋದ ದಿನಕ್ಕೆ ಸಾಕ್ಷಿ ಬೇಕಲ್ವಾ. ಆದರೆ ಮೆಷಿನ್ ಡಬ್ಬಗಳ ತೂಕ ಜಾಸ್ತಿ ಇತ್ತು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು, 90 ರೂಪಾಯಿ. ನಾನು ಫ್ರೀ, ಡಬ್ಬಕ್ಕೆ ಚಾರ್ಜು! ಮನೆಯಿಂದ ಸಬರ್ಬ್ ಬಸ್ ಸ್ಟ್ಯಾಂಡಿಗೆ ಆ ಡಬ್ಬಗಳನ್ನು ಹೊತ್ತುಕೊಂಡು ಸಿಟಿ ಬಸ್ ಹತ್ತೋಕಾಗಲ್ಲ, ಅದಕ್ಕೇ ಆಟೋ, 180.

ಶಿವಮೊಗ್ಗದಿಂದ ಆಚೆ ಕಥೆ ಬೇರೆ. ಆ ಕಡೆ ಪ್ರೈವೇಟ್ ಬಸ್ಸುಗಳದ್ದೇ ಓಡಾಟ, ಅವುಗಳಲ್ಲಿ ಶಕ್ತಿ ನಡೆಯಲ್ಲ. ಎಲ್ಲಾ ಸೇರಿ 340 ಆಯಿತು. ಅದರಲ್ಲಿ 240ಕ್ಕೆ ಟಿಕೆಟ್ ಇದೆ. ಬಾಕಿ 100ಕ್ಕೆ ಇಲ್ಲ, ಯಾಕಂದರೆ ಹಳ್ಳಿ ದಾರಿಯಲ್ಲಿ ಕಂಡಕ್ಟರ್ ದುಡ್ಡು ಇಸ್ಕೊಂಡು "ಕೂತ್ಕೊಳ್ಳಿ ಅಕ್ಕ" ಅಂತ ಮುಂದೆ ಹೋಗಿಬಿಡುತ್ತಾರೆ. ಕೇಳಿದರೆ ಟಿಕೆಟ್ ಬುಕ್ ಖಾಲಿ ಅಂತಾರೆ. ಟೀ, ಬಾಳೆಹಣ್ಣು, ನೀರಿನ ಬಾಟಲಿ ಅಂತ 160 ರೂಪಾಯಿಗೂ ಬಿಲ್ ಇಲ್ಲ. ಈ ಎರಡೂ ಸೇರಿ 260ಕ್ಕೆ ನಾನೇ ಸಹಿ ಮಾಡಿದ ವೋಚರ್ ಇದೆ, ದಿನ, ಊರು, ಯಾವುದಕ್ಕೆ ಅಂತ ಸಾಲುಸಾಲಾಗಿ ಬರೆದಿದ್ದೇನೆ. ಸುಮ್ನೆ "ಇತರೆ ಖರ್ಚು" ಅಂತ ಹಾಕಿಲ್ಲ.

ನಿಮ್ಮ ಕಣ್ಣಿಗೆ ಬೀಳುವ ದೊಡ್ಡ ಮೊತ್ತ ಅಂದರೆ 5ನೇ ತಾರೀಕಿನ ಆಟೋ, 1,400 ರೂಪಾಯಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೈತರು ಡೈರಿಗೆ ಹಾಲು ಹಾಕೋದು ಬೆಳಿಗ್ಗೆ ಬೇಗ. ಮೆಷಿನ್ ಸರಿಯಾಗಿ ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತಾ ಅಂತ ನೋಡಬೇಕಾದರೆ ಆ ಹೊತ್ತಿಗೇ ಅಲ್ಲಿರಬೇಕು. ಕ್ಯಾನ್ ತುಂಬಿ ವ್ಯಾನ್ ಹೋದ ಮೇಲೆ ಹೋದರೆ ತೊಳೆದಿಟ್ಟ ಖಾಲಿ ಲೋಟ ನೋಡಿಕೊಂಡು ಬರಬೇಕಷ್ಟೆ. ಸಾಗರದಿಂದ ಆ ಹಳ್ಳಿಗಳಿಗೆ ಬೆಳಗಿನ ಮೊದಲ ಬಸ್ ಬರುವಷ್ಟರಲ್ಲಿ ಹಾಲು ಹಾಕೋದು ಮುಗಿದಿರುತ್ತೆ ಅಂತ ಕಾರ್ಯದರ್ಶಿಯೇ ಫೋನಿನಲ್ಲಿ ಹೇಳಿದರು. ಹಾಗಾಗಿ 5 ಗಂಟೆಗೆ ಆಟೋ ಮಾಡಿಕೊಂಡು ಬೆಳಗಿನ ಹಾಲಿಗೆ ಒಂದು ಡೈರಿ, ಆಮೇಲೆ ಇನ್ನೆರಡು ಕಡೆ ಟ್ರೈನಿಂಗ್, ಸಂಜೆ ಬಸ್ ಸ್ಟ್ಯಾಂಡಿಗೆ ಬಿಡುವವರೆಗೂ ಅದೇ ಆಟೋ. ಡ್ರೈವರ್ ಸಹಿ, ಗಾಡಿ ನಂಬರ್ ಇರುವ ಚೀಟಿ ಇದೆ, ಫೋನ್‌ಪೇ ಸ್ಕ್ರೀನ್‌ಶಾಟೂ ಇದೆ.

ಲಾಡ್ಜ್ ಒಟ್ಟು 3,420. ಶಿವಮೊಗ್ಗದ್ದು ದಿನಕ್ಕೆ 1,200, ಮೇಲೆ 5% ಜಿಎಸ್‌ಟಿ, ಎರಡು ರಾತ್ರಿಗೆ 2,520. ಮೊದಲು ನನ್ನ ಹೆಸರಿಗೇ ಬಿಲ್ ಬರೆದಿದ್ದರು. ಕೌಂಟರಿನಲ್ಲಿ ನಿಂತು ಕಂಪನಿ ಹೆಸರು, ಜಿಎಸ್‌ಟಿ ನಂಬರ್ ಹಾಕಿಸಿ ಬೇರೆ ಬಿಲ್ ತಗೊಂಡೆ. ಸಾಗರದ್ದು ಒಂದು ರಾತ್ರಿ 900, ಸಣ್ಣ ಲಾಡ್ಜ್, ಅವರಿಗೆ ಜಿಎಸ್‌ಟಿ ಇಲ್ಲ, ಕೈಬರಹದ ಬಿಲ್. ಸೀಲ್ ಇದೆ.

ಊಟ ತಿಂಡಿ ಬಿಲ್‌ಗಳು 985, ಬಿಲ್ ಇಲ್ಲದ 160 ಸೇರಿದರೆ 1,145. ಮೆಷಿನ್ ತೊಳೆಯೋಕೆ ಡಿಸ್ಟಿಲ್ಡ್ ವಾಟರ್ ಮತ್ತು ಕ್ಲೀನಿಂಗ್ ಲಿಕ್ವಿಡ್ 280. ಒಂದು ಡೈರಿಯಲ್ಲಿ ಪ್ಲಗ್ ಪಾಯಿಂಟ್ ಇದ್ದಿದ್ದು ಕ್ಯಾನ್ ತೊಳೆಯುವ ತೊಟ್ಟಿ ಪಕ್ಕ, ಅಲ್ಲಿ ಮೆಷಿನ್ ಇಡೋಕೆ ನನಗೆ ಧೈರ್ಯ ಬರಲಿಲ್ಲ, ಎಕ್ಸ್‌ಟೆನ್ಶನ್ ಬೋರ್ಡ್ ತಂದು ಮೇಜಿನ ಮೇಲೆ ಹಾಕಿಕೊಟ್ಟೆ, 350. ಬೋರ್ಡ್ ಅಲ್ಲೇ ಬಿಟ್ಟಿದ್ದೇನೆ. ಇದನ್ನು ಪ್ರವಾಸದ ಖರ್ಚಿಗೆ ಹಾಕಬೇಕೋ, ಇನ್‌ಸ್ಟಾಲೇಶನ್ ಲೆಕ್ಕಕ್ಕೋ, ನೀವೇ ನೋಡಿ.

ವಾಪಸ್ ಬರುವಾಗ ಶಿವಮೊಗ್ಗದಿಂದ ರಾತ್ರಿ ರಾಜಹಂಸ, 560. ರಾಜಹಂಸಕ್ಕೆ ಶಕ್ತಿ ಇಲ್ಲ. ಬೆಳಿಗ್ಗೆ 5ರಿಂದ ಓಡಾಡಿ ರಾತ್ರಿಯೆಲ್ಲಾ ಕೆಂಪು ಬಸ್ಸಿನಲ್ಲಿ ಒಬ್ಬಳೇ ಬರೋದು ಬೇಡ ಅಂತ ಮ್ಯಾನೇಜರ್ ಸರ್ ಅವರೇ ಹೇಳಿದ್ದು, ಅವರ ವಾಟ್ಸಾಪ್ ಮೆಸೇಜಿನ ಪ್ರಿಂಟ್ ಇದೆ. ಮೈಸೂರಿನಲ್ಲಿ ಇಳಿದು ಮನೆಗೆ ಆಟೋ 150, ಜೆರಾಕ್ಸ್ 45.

ಕವರಿನ ಹಣದ ಬಗ್ಗೆ ಒಂದು ಮಾತು. ಎರಡೂ ಮೈಸೂರಿನ ಆಟೋ, ಸಾಗರದ ಆಟೋ, ರಾಜಹಂಸ ಟಿಕೆಟ್, ಇವು ನನ್ನ ಸ್ವಂತ ಅಕೌಂಟಿನಿಂದ ಫೋನಲ್ಲಿ ಕಟ್ಟಿದ್ದು, ಒಟ್ಟು 2,290. ಕೈಯಿಂದ ನಗದಾಗಿ ಹೋಗಿದ್ದು 5,670. ಹಾಗಾಗಿ ಅಡ್ವಾನ್ಸಿನಲ್ಲಿ ನನ್ನ ಹತ್ತಿರ 6,330 ಉಳಿದಿತ್ತು, ಅದರಲ್ಲಿ ನನ್ನ 2,290 ಇಟ್ಟುಕೊಂಡು 4,040 ಕೊಡುತ್ತಿದ್ದೇನೆ. ನಗದು ರಸೀದಿಗಳನ್ನಷ್ಟೇ ಕೂಡಿದರೆ ಲೆಕ್ಕ ತಾಳೆ ಆಗಲ್ಲ, ಅದಕ್ಕೇ ಮೊದಲೇ ಹೇಳಿದೆ.

ಬಸ್ ಟಿಕೆಟ್‌ಗಳು ಮೆಷಿನ್ ಕಾಗದದವು, ಬಿಸಿಲಿಗೆ, ಗೋಂದಿಗೆ ಅಕ್ಷರ ಹಾರಿಹೋಗುತ್ತೆ. ಲಗೇಜ್ ಟಿಕೆಟ್ ಈಗಲೇ ಮಸುಕಾಗಿದೆ. ಎಲ್ಲದರ ಜೆರಾಕ್ಸ್ ಹಿಂದೆ ಇದೆ, ಮೂಲ ಟಿಕೆಟ್ ಪಿನ್ ಮಾಡಿದ್ದೇನೆ. ದಯವಿಟ್ಟು ಅಂಟಿಸಬೇಡಿ.

ಇನ್ನೊಂದು ವಿಷಯ, ನಿಮಗೆ ಸರಿ ಅನಿಸಿದರೆ. ಅಡ್ವಾನ್ಸ್ ಅಂದಾಜಿನ ಹಾಳೆಯಲ್ಲಿ ಬಸ್ಸಿಗೆ ಹಾಕಿದ್ದು ಬಹಳ ಜಾಸ್ತಿ, ಹಳ್ಳಿ ಆಟೋಗೆ ಏನೂ ಹಾಕಿರಲಿಲ್ಲ. ನಮ್ಮ ವಿಭಾಗದಲ್ಲಿ ಹೆಣ್ಣುಮಕ್ಕಳು ಹೋಗುವಾಗ ಬಸ್ಸಿನದು ಕಡಿಮೆ ಮಾಡಿ, ಬೆಳಗಿನ ಆಟೋಗೆ ಒಂದು ಸಾಲು ಸೇರಿಸಿದರೆ ಆಮೇಲೆ ಇಷ್ಟುದ್ದ ಪತ್ರ ಬರೆಯೋದು ತಪ್ಪುತ್ತೆ.

4,040ಕ್ಕೆ ರಸೀದಿ ಇವತ್ತೇ ಕೊಡಿ ಮೇಡಂ, 5,000 ದಾಟಿಲ್ಲ, ರೆವಿನ್ಯೂ ಸ್ಟಾಂಪ್ ಬೇಕಾಗಲ್ಲ. ಅಡ್ವಾನ್ಸ್ ರಿಜಿಸ್ಟರಿನಲ್ಲೂ ನನ್ನ ಹೆಸರಿನ ಎದುರು 12,000 ಚುಕ್ತಾ ಅಂತ ಬರೆದುಬಿಡಿ. ಮುಂದಿನ ವಾರ ಚಿಕ್ಕಮಗಳೂರಿಗೆ ಹೋಗಬೇಕು, ಹಳೇ ಬಾಕಿ ತೋರಿಸಿದರೆ ಹೊಸ ಅಡ್ವಾನ್ಸ್ ಸಿಗಲ್ಲ. ಬಿಲ್ ಇಲ್ಲದ 260 ಒಪ್ಪಲ್ಲ ಅನ್ನೋದಾದರೆ ಇವತ್ತೇ ಹೇಳಿ, ಅದನ್ನೂ ಕಟ್ಟಿಬಿಡುತ್ತೇನೆ. ಆದರೆ ಆ ಬಸ್ಸುಗಳಲ್ಲಿ ಮುಂದಿನ ಸಲವೂ ಟಿಕೆಟ್ ಸಿಗಲ್ಲ, ಅದಂತೂ ಖಂಡಿತ.

ಇಂತಿ,
ಸವಿತಾ
ಟ್ರೈನಿಂಗ್ ವಿಭಾಗ

ಜೊತೆಗೆ: ನಗದು 4,040, ಬಿಲ್ ಮತ್ತು ಟಿಕೆಟ್‌ಗಳು ಜೆರಾಕ್ಸ್ ಸಮೇತ, 260ರ ಸ್ವಂತ ವೋಚರ್, ಫೋನ್ ಪೇಮೆಂಟ್ ಪ್ರಿಂಟ್‌ಗಳು